ಮೂವತ್ತೊಂಬತ್ತು ದಿನ ಬಾಕಿ

ಜನವರಿ 6

ಮಗನೇ,

ಫೋನಿಗೆ ಬಂದಿರುವ ಚಿತ್ರವನ್ನು ನೀನು ಆಗಲೇ ನೋಡಿರುತ್ತೀ. ಈ ಕಾಗದ ನಿನ್ನ ಕೈ ಸೇರಲು ಹನ್ನೊಂದು ದಿನ ಬೇಕು, ಅದು ಹನ್ನೊಂದು ಸೆಕೆಂಡಿನಲ್ಲಿ ಬಂದಿರುತ್ತದೆ. ಆದರೂ ಕಾಗದವನ್ನೇ ಬರೆಯುತ್ತೇನೆ. ಫೋನಿನಲ್ಲಿ ಮಾತಾಡಿದರೆ ನನ್ನ ಕಿವಿಗೆ ಕೇಳುವುದಿಲ್ಲ, ಆ ಪುಟ್ಟ ಪುಟ್ಟ ಅಕ್ಷರಗಳನ್ನು ಕುಟ್ಟಲು ಹೋದರೆ ನನ್ನ ಹೆಬ್ಬೆರಳು ಒಂದೇ ಸಲಕ್ಕೆ ಮೂರನ್ನು ಒತ್ತುತ್ತದೆ.

ಆ ಚಿತ್ರ ನಾನೇ ತೆಗೆದದ್ದು! ಪೆನ್ಶನ್ ಆ್ಯಪಿನ ಸ್ಕ್ರೀನ್‌ಶಾಟ್. ಕಲಿಸಿದವಳು ಕೆಳಗಿನ ಅಂಗಡಿಯ ದರ್ಜಿಯಮ್ಮ. ಮೊದಲು ನಾನು ಅವಳ ಫೋನಿನಿಂದ ನನ್ನ ಫೋನಿನ ಫೋಟೋ ತೆಗೆದಿದ್ದೆ. ಅದರಲ್ಲಿ ಟ್ಯೂಬ್‌ಲೈಟೂ ನನ್ನ ಹೆಬ್ಬೆರಳೂ ಬಂದವೇ ಹೊರತು ದುಡ್ಡು ಕಾಣಲಿಲ್ಲ. "ಅಯ್ಯೋ ತಾತ, ಹಂಗಲ್ಲ, ಫೋನು ತನ್ನ ಫೋಟೋ ತಾನೇ ತಕ್ಕೊಳ್ಳುತ್ತೆ" ಎಂದಳು. ಬದಿಯಲ್ಲಿರುವ ಪವರ್ ಬಟನ್ನು, ಅದರ ಮೇಲೆ ಸದ್ದು ಕಡಿಮೆ ಮಾಡುವ ಬಟನ್ನು, ಎರಡನ್ನೂ ಒಟ್ಟಿಗೆ ಒತ್ತಿ ಬಿಡಬೇಕು. ಪವರ್ ಮೊದಲಾದರೆ ಪರದೆ ಕಪ್ಪಾಗುತ್ತದೆ. ಸದ್ದಿನದು ಮೊದಲಾದರೆ ಸದ್ದಿನ ಪಟ್ಟಿ ಬಂದು ಅಂಕಿಯ ಪಕ್ಕ ನಿಲ್ಲುತ್ತದೆ. ಹಿಡಿದುಕೊಂಡೇ ಇದ್ದರೆ "ಆಫ್ ಮಾಡಲೇ?" ಎಂದು ಕೇಳುತ್ತದೆ. ಇಷ್ಟರೊಳಗೆ ಪೆನ್ಶನ್ ಆ್ಯಪ್ ಮೂರು ನಿಮಿಷ ಕಾದು ನನ್ನನ್ನು ಹೊರಗೆ ದಬ್ಬುತ್ತದೆ. ಮತ್ತೆ ನಾಲ್ಕು ಅಂಕಿಯ ಪಿನ್ ಹೊಡೆಯಬೇಕು, ನಕ್ಷತ್ರಗಳ ಪಕ್ಕದ ಕಣ್ಣಿನ ಗುರುತನ್ನು ಒತ್ತಬೇಕು, ಆಗ ಮೊತ್ತ ಕಾಣುತ್ತದೆ. ಹದಿನಾಲ್ಕನೇ ಸಲಕ್ಕೆ ಟಕ್ ಎಂದು ಬಿತ್ತು. ಫೋನಿನ ಗಾಜು ಬಿರುಕು ಬಿಟ್ಟಿದೆಯಲ್ಲ, ಚಿತ್ರದಲ್ಲಿ ಬಿರುಕೇ ಇಲ್ಲ. ಇದೆಂಥ ಮೋಸವೋ ಮಾರಾಯ!

ಮೇಲ್ಗಡೆ ಇವತ್ತಿನ ತಾರೀಖು, ಗಂಟೆ, ಬ್ಯಾಟರಿ. ನಡುವೆ ಮೊತ್ತ. ಕೆಳಗಿನ ಹಳದಿ ಪಟ್ಟಿಯಲ್ಲಿ "ಜೀವಂತ ಪುರಾವೆ: 84 ದಿನ ಬಾಕಿ". ಮಾರ್ಚ್ ಮುಗಿಯುವುದರೊಳಗೆ ನಾನು ಬದುಕಿದ್ದೇನೆಂದು ಕ್ಯಾಮೆರಾಗೆ ಮುಖ ತೋರಿಸಬೇಕು, ವರ್ಷವರ್ಷದ ಗೋಳು.

ಮೂವತ್ತನಾಲ್ಕು ವರ್ಷ ಮನೆಮನೆಯ ನೀರಿನ ಮೀಟರ್ ಓದಿದವನು ನಾನು. ಈಗ ನನ್ನ ಮೀಟರನ್ನು ನೀನು ಓದು. ದುಡ್ಡಿದೆ. ಚಿಂತೆ ಮಾಡಬೇಡ.

ಅಪ್ಪ

ಜನವರಿ 21

ಅಪ್ಪಾ,

ಚಿತ್ರ ನೋಡಿ ಮೂವರೂ ಕುಣಿದೆವು. ನಿಮ್ಮ ಮೊಮ್ಮಗಳು ಆ ಕಣ್ಣಿನ ಗುರುತನ್ನೇ ಒತ್ತಿ ಒತ್ತಿ, "ತಾತ ಯಾಕೆ ಹೊರಗೆ ಬರ್ತಿಲ್ಲ?" ಎಂದು ಕೇಳಿದಳು. ಅವಳ ಮುಂದಿನ ಹಲ್ಲೊಂದು ಬಿದ್ದಿದೆ. ನಿಮಗೆ ವಿಡಿಯೋದಲ್ಲಿ ತೋರಿಸಬೇಕಂತೆ.

ಪ್ರತಿ ತಿಂಗಳು ಒಂದನೇ ತಾರೀಖು ಹೀಗೇ ಒಂದು ಕಳಿಸಿ. ಸಂಶಯದಿಂದ ಕೇಳುತ್ತಿಲ್ಲ. ಈ ಲಿಫ್ಟ್ ಕಂಪನಿಯ ಕರಾರು ಇನ್ನೂ ಹದಿನಾರು ತಿಂಗಳಿದೆ. ನಡುವೆ ಬಿಟ್ಟು ಬಂದರೆ ಕಟ್ಟಿದ ಠೇವಣಿಯೂ ಹೋಯಿತು, ಕೆಲಸವೂ ಹೋಯಿತು. ಮೂವತ್ತು ಮಹಡಿಯ ಗುಂಡಿಯೊಳಗೆ ಹಗ್ಗಕ್ಕೆ ಗ್ರೀಸ್ ಹಚ್ಚುವಾಗ, ಅಪ್ಪನ ಬಳಿ ಔಷಧಿಗೆ ದುಡ್ಡಿದೆ ಎಂದು ಗೊತ್ತಿದ್ದರೆ ಕೈ ತಪ್ಪುವುದಿಲ್ಲ. ಅಷ್ಟೇ.

ನಿಮ್ಮ ಮಗ

ಫೆಬ್ರವರಿ 24

ಮಗನೇ,

ತಡವಾಯಿತು. ಏನೂ ಇಲ್ಲ, ಸುಮ್ಮನೆ ಸೋಮಾರಿತನ.

ಒಂದನೇ ತಾರೀಖಿನ ಚಿತ್ರ ನೋಡಿದೆಯಲ್ಲ. ಈಗ ಕೈ ಪಳಗಿದೆ. ಬೇಜಾರಾದಾಗಲೆಲ್ಲ ಒಂದು ಹೊಡೆಯುತ್ತೇನೆ. ಗ್ಯಾಲರಿಯಲ್ಲಿ ಸ್ಕ್ರೀನ್‌ಶಾಟ್ ಎಂಬ ಡಬ್ಬಿಯೊಳಗೆ ಇಪ್ಪತ್ತಾರು ಸೇರಿವೆ. ಬೇಡದ ಅಂಚನ್ನು ಕತ್ತರಿಸುವುದನ್ನೂ ದರ್ಜಿಯಮ್ಮ ಕಲಿಸಿದಳು. ಕತ್ತರಿಸುವುದೇ ಅವಳ ಕಸುಬು ನೋಡು.

ವಿಡಿಯೋ ಬೇಡ. ಕ್ಯಾಮೆರಾ ಕೆಟ್ಟಿದೆ. ಸ್ಕ್ರೀನ್‌ಶಾಟಿಗೆ ಕ್ಯಾಮೆರಾ ಬೇಕಾಗಿಲ್ಲ, ಆದ್ದರಿಂದ ಚಿತ್ರಗಳು ಬರುತ್ತಿರುತ್ತವೆ. ಮಗುವಿಗೆ ಹಲ್ಲನ್ನು ಎತ್ತಿಡಲು ಹೇಳು.

ಒಂದು ಮಾತು ಕೇಳಬೇಕು. ನಿನ್ನ ಲಿಫ್ಟಿನಲ್ಲಿ ಬಾಗಿಲ ಬಳಿ ಕಣ್ಣು ಇರುತ್ತದೆಯಲ್ಲ, ಮನುಷ್ಯ ಅಡ್ಡ ಬಂದರೆ ಬಾಗಿಲು ತೆರೆಯುವಂಥದ್ದು. ಅದು ಎದುರಿಗೆ ನಿಂತವನನ್ನು ಕಾಣದೇ ಹೋದರೆ ಏನಾಗುತ್ತದೆ? ಸುಮ್ಮನೆ ಕೇಳಿದೆ.

ಅಪ್ಪ

ಮಾರ್ಚ್ 12

ಅಪ್ಪಾ,

ಒಂದನೇ ತಾರೀಖಿನ ಚಿತ್ರ ಬಂತು. 30 ದಿನ ಬಾಕಿ ಎಂದಿದೆ. ಕ್ಯಾಮೆರಾ ಕೆಟ್ಟಿದ್ದರೆ ಮುಖದ ಪುರಾವೆ ಹೇಗೆ ಕೊಡುತ್ತೀರಿ? ಇವತ್ತೇ ರಿಪೇರಿಗೆ ಕೊಡಿ. ಇಲ್ಲವಾದರೆ ದರ್ಜಿಯಮ್ಮನ ಫೋನಿನಲ್ಲಿ ಮಾಡಿ. ಪಿನ್ ಮಾತ್ರ ಅವಳಿಗೆ ಹೇಳಬೇಡಿ.

ಲಿಫ್ಟಿನ ಕಣ್ಣು ಕೆಟ್ಟರೆ ಬಾಗಿಲು ಮನುಷ್ಯನ ಮೇಲೇ ಮುಚ್ಚಿಕೊಳ್ಳುತ್ತದೆ. ಯಾಕೆ ಕೇಳಿದಿರಿ?

ಈ ತಿಂಗಳು ನನ್ನಿಂದ ಏನೂ ಕಳಿಸಲಾಗಲಿಲ್ಲ. ಮುಂದಿನ ತಿಂಗಳು ನೋಡೋಣ. ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು ಆಗಿದೆ, ಅವಸರದಲ್ಲಿದ್ದೇನೆ.

ನಿಮ್ಮ ಮಗ

ಮಾರ್ಚ್ 26

ಮಗನೇ,

ಪುರಾವೆಯ ಕೆಲಸ ಆಗಿದೆ. ಅದರ ಸುದ್ದಿ ಬಿಡು.

ನಿನ್ನ ಅಕ್ಷರ ನೋಡಿ ಬೇಸರವಾಯಿತು. ಅಪ್ಪನಿಗೆ ನಾಲ್ಕು ಸಾಲು ಬರೆಯಲೂ ನಿನಗೆ ಪುರುಸೊತ್ತಿಲ್ಲ. ಇರಲಿ. ದುಡ್ಡು ಕಳಿಸಬೇಡ, ನನ್ನ ಹತ್ತಿರ ಇದೆ. ಒಂದನೇ ತಾರೀಖು ಚಿತ್ರ ನೋಡಿದರೆ ಗೊತ್ತಾಗುತ್ತದೆ.

ಅಪ್ಪ

ಏಪ್ರಿಲ್ 4

ಅಪ್ಪಾ,

ಇದನ್ನು ಫೋನಿನಲ್ಲೇ ಬರೆದು ಕಳಿಸುತ್ತಿದ್ದೇನೆ. ಹನ್ನೊಂದು ದಿನ ಕಾಯುವ ಶಕ್ತಿ ನನಗಿಲ್ಲ.

ಏಪ್ರಿಲ್ ಒಂದರ ಚಿತ್ರದಲ್ಲಿ ಮೇಲಿನ ಅಂಚು ಇಲ್ಲ. ತಾರೀಖಿಲ್ಲ, ಗಂಟೆಯಿಲ್ಲ. ನಿಮಗೆ ಕತ್ತರಿಸುವುದು ಬಂದಿದೆಯೆಂದು ನಕ್ಕು ಸುಮ್ಮನಾಗಿದ್ದೆ. ಇವತ್ತು ಊಟದ ಹೊತ್ತಿನಲ್ಲಿ ಮತ್ತೆ ತೆಗೆದು ನೋಡಿದೆ. ಕೆಳಗಿನ ಹಳದಿ ಪಟ್ಟಿಯಲ್ಲಿ "39 ದಿನ ಬಾಕಿ" ಎಂದಿದೆ. ಮಾರ್ಚ್ ಒಂದರ ಚಿತ್ರದಲ್ಲಿ ಅದು ಮೂವತ್ತಿತ್ತು. ಅಪ್ಪಾ, ಮೀಟರ್ ಹಿಂದಕ್ಕೆ ಓಡುವುದಿಲ್ಲ. ನಾನು ಎಂಟು ವರ್ಷದವನಿದ್ದಾಗ ನೀವೇ ಹೇಳಿದ ಮಾತು ಇದು.

ಬೆರಳು ಮಡಿಸಿ ಎಣಿಸಿದೆ. ಅದು ಫೆಬ್ರವರಿ ಇಪ್ಪತ್ತರ ಚಿತ್ರ. ಈಗಿನದನ್ನು ಯಾಕೆ ಕಳಿಸಲಿಲ್ಲ? ಈಗ ಅಲ್ಲಿ ಎಷ್ಟಿದೆ?

ಆ ದರ್ಜಿಯಮ್ಮನ ಮೇಲೆ ನನಗೆ ಅನುಮಾನ. ಫೋನು ಹಿಡಿಯುವುದು ಅವಳು ಕಲಿಸಿದ್ದು, ಕತ್ತರಿಸುವುದು ಅವಳು ಕಲಿಸಿದ್ದು. ಪಿನ್ ಬದಲಿಸಿ. ಫೋನನ್ನು ಅವಳ ಕೈಗೆ ಕೊಡಬೇಡಿ.

ನೀವು ಆ ಬೀಗದ ಮನೆಯ ಕಥೆ ಹೇಳುತ್ತಿದ್ದಿರಲ್ಲ, ಅದೇ ನೆನಪಾಗುತ್ತಿದೆ. ನಿಮ್ಮ ಜೊತೆಗಿದ್ದ ಯಾವನೋ ಮೀಟರ್ ರೀಡರು, ಬಾಗಿಲು ತೆರೆಯದ ಮನೆಗೆ ಮೂರು ತಿಂಗಳು ಹೋಟೆಲಲ್ಲಿ ಕೂತೇ ಸರಾಸರಿ ರೀಡಿಂಗ್ ಬರೆದನಂತೆ. ಕೊನೆಗೆ ಬಾಗಿಲು ಒಡೆದು ನೋಡಿದರೆ ಒಳಗಿದ್ದ ಮುದುಕ ಸತ್ತು ಮೂರು ತಿಂಗಳಾಗಿತ್ತಂತೆ. ನಿಜವಾದ ರೀಡಿಂಗ್ ನೋಡಿದ್ದರೆ ಮುಳ್ಳು ನಿಂತಿರುವುದು ಮೊದಲ ತಿಂಗಳೇ ಗೊತ್ತಾಗುತ್ತಿತ್ತು ಎನ್ನುತ್ತಿದ್ದಿರಿ.

ಅಪ್ಪಾ, ಉತ್ತರ ಬರೆಯಿರಿ.

ಏಪ್ರಿಲ್ 5

ದರ್ಜಿಯಮ್ಮನ ಸುದ್ದಿಗೆ ಬರಬೇಡ. ನಾನು ಚೆನ್ನಾಗಿದ್ದೇನೆ. ದುಡ್ಡು ಇದೆ.

ಏಪ್ರಿಲ್ 5

ಇದನ್ನು ಯಾರು ಬರೆದದ್ದು?

ಅಪ್ಪ ಫೋನಿನಲ್ಲಿ ಒಂದು ಸಾಲನ್ನೂ ತಪ್ಪಿಲ್ಲದೆ ಬರೆದವರಲ್ಲ. ಮೂರು ಸಾಲಿನಲ್ಲಿ ಒಂದು ತಪ್ಪಿಲ್ಲ. ಯಾರು ನೀವು? ನಮ್ಮಪ್ಪ ಎಲ್ಲಿ?

ಅಪ್ಪಾ, ಇದು ನೀನೇ ಆಗಿದ್ದರೆ ಒಂದು ಗುರುತು ಹೇಳು. ನಿನ್ನ ಮುಖ ನೋಡಿ ಎರಡೂವರೆ ತಿಂಗಳಾಯಿತು. ಧ್ವನಿಯಿಲ್ಲ, ಮುಖವಿಲ್ಲ, ಬರೀ ಅಂಕಿಗಳ ಚಿತ್ರ, ಅದೂ ಹಳೆಯದು. ನನಗೆ ಹೆದರಿಕೆಯಾಗುತ್ತಿದೆ ಅಪ್ಪಾ. ನನಗೆ, ನಿನಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲದ್ದು ಏನಾದರೂ ಹೇಳು. ನೀನು ಇದ್ದೀಯ ಅಂತ ನನಗೆ ಗೊತ್ತಾಗಬೇಕು.

ಏಪ್ರಿಲ್ 6

ಮಗನೇ,

ಈ ಕಾಗದವನ್ನು ಕೈಯಲ್ಲೇ ಬರೆದು, ಹಾಳೆಯ ಫೋಟೋ ತೆಗೆದು ಕಳಿಸುತ್ತಿದ್ದೇನೆ. ಅಕ್ಷರ ನನ್ನದೇ, ನೋಡಿಕೋ. ಹೌದು, ಕ್ಯಾಮೆರಾ ಕೆಟ್ಟಿಲ್ಲ. ಎಂದೂ ಕೆಟ್ಟಿರಲಿಲ್ಲ. ನಿನ್ನೆಯ ಮೂರು ಸಾಲು ನಾನು ಹೇಳಿದ್ದು, ದರ್ಜಿಯಮ್ಮ ಒತ್ತಿದ್ದು. ಅವಳ ಬಗ್ಗೆ ನೀನು ಬರೆದದ್ದನ್ನೂ ಅವಳೇ ನನಗೆ ಓದಿ ಹೇಳಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವಳು ಮಾತ್ರ, "ಇರ್ಲಿ ಬಿಡಿ ತಾತ, ಮಗ ಅಲ್ವಾ, ಹೆದರಿದಾನೆ" ಎಂದಳು.

ಗುರುತು ಕೇಳಿದೆ. ನಿನಗೂ ಪುರಾವೆ ಬೇಕಾಯಿತು ನೋಡು. ಕೇಳು, ಇದು ನಿನಗೂ ಗೊತ್ತಿಲ್ಲ, ನಿಮ್ಮಮ್ಮನಿಗೂ ಗೊತ್ತಿರಲಿಲ್ಲ. ಬೀಗದ ಮನೆಗೆ ಹೋಟೆಲಲ್ಲಿ ಕೂತು ರೀಡಿಂಗ್ ಬರೆದವನು ಯಾವನೋ ಅಲ್ಲ, ನಾನು. ಮೂರು ತಿಂಗಳು ಹದಿನೆಂಟು, ಹತ್ತೊಂಬತ್ತು, ಹದಿನೆಂಟು ಯೂನಿಟ್ ಎಂದು ಬರೆದೆ. ಆ ಮೂರು ತಿಂಗಳು ಒಳಗಿದ್ದವನು ಒಂದು ಲೋಟ ನೀರು ಕುಡಿದಿರಲಿಲ್ಲ. ಬಾಗಿಲು ಒಡೆದ ದಿನ ನಾನು ಗುಂಪಿನಲ್ಲಿ ನಿಂತಿದ್ದೆ. ನನ್ನ ಪುಸ್ತಕವನ್ನು ಯಾರೂ ಕೇಳಲಿಲ್ಲ. ಆಮೇಲೆ ಒಂದು ರೀಡಿಂಗನ್ನೂ ನಾನು ಕಣ್ಣಾರೆ ನೋಡದೆ ಬರೆದಿಲ್ಲ. ಈ ಏಪ್ರಿಲ್ ಒಂದರವರೆಗೆ.

ಈಗ ನಡೆದದ್ದು ಹೇಳುತ್ತೇನೆ.

ಫೆಬ್ರವರಿ ಹನ್ನೊಂದರ ಬೆಳಗ್ಗೆ ಬಾಯಿ ಮುಕ್ಕಳಿಸಲು ಹೋದರೆ ನೀರು ಎಡಗಡೆಯಿಂದ ತಾನಾಗಿ ಸುರಿಯಿತು. ಕನ್ನಡಿ ನೋಡಿದರೆ ಅರ್ಧ ಮುಖ ಜೋತುಬಿದ್ದಿತ್ತು. ಎಡಗಣ್ಣು ಮುಚ್ಚುತ್ತಿರಲಿಲ್ಲ. ಕೂಗಿದೆನೋ ಇಲ್ಲವೋ ನನ್ನ ಕಿವಿಗೆ ಗೊತ್ತಾಗಲಿಲ್ಲ. ಹೊಲಿಗೆ ಬಿಟ್ಟು ಹದಿನಾಲ್ಕು ಮೆಟ್ಟಿಲು ಹತ್ತಿ ಬಂದವಳು ಆ ದರ್ಜಿಯಮ್ಮ, ಆಸ್ಪತ್ರೆಗೆ ಕರೆದುಕೊಂಡು ಹೋದವಳೂ ಅವಳೇ. ಲಕ್ವ ಅಲ್ಲ, ತಲೆಯೊಳಗಿನದೂ ಅಲ್ಲ, ಮುಖದ ನರದ ತೊಂದರೆ ಎಂದರು ಡಾಕ್ಟರು. ಮಾತ್ರೆ ಕೊಟ್ಟರು, ಕಣ್ಣಿಗೆ ಹನಿ ಕೊಟ್ಟರು, ಸರಿಯಾಗಲು ತಿಂಗಳುಗಳು ಬೇಕು ಎಂದರು. ನೀನು ಕರಾರು ಮುರಿದು ಓಡಿ ಬರುತ್ತೀ ಎಂದು ಹೇಳಲಿಲ್ಲ. ನಿನ್ನ ಠೇವಣಿ ನನ್ನ ಒಂದು ಕಣ್ಣಿಗೆ ಹೋಗುವುದು ಬೇಡವಾಗಿತ್ತು.

ಮುಖಕ್ಕಿಂತ ಹೆಚ್ಚು ಹೆದರಿಸಿದ್ದು ಆ್ಯಪ್. ಪರದೆಯಲ್ಲೊಂದು ಮೊಟ್ಟೆಯಾಕಾರ ಬರುತ್ತದೆ, ಅದರೊಳಗೆ ಮುಖ ಇಡಬೇಕು, ಕನ್ನಡಕ ತೆಗೆಯಬೇಕು. "ನಿಧಾನವಾಗಿ ಕಣ್ಣು ಮಿಟುಕಿಸಿ" ಎನ್ನುತ್ತದೆ. ಮಿಟುಕಿಸಿದೆ. ಒಂದೇ ಮುಚ್ಚಿತು. "ಮತ್ತೊಮ್ಮೆ ಮಿಟುಕಿಸಿ." ಮೂರು ಸಲ ತಪ್ಪಿದರೆ ಇಪ್ಪತ್ತನಾಲ್ಕು ಗಂಟೆ ಬೀಗ. ಮರುದಿನ ಮತ್ತೆ. ಒಮ್ಮೆ ಬೆರಳಿನಿಂದ ರೆಪ್ಪೆಯನ್ನು ಎಳೆದು ಮುಚ್ಚಿದೆ. ಆಗ "ಮುಖಕ್ಕೆ ಕೈ ಅಡ್ಡ ಬಂದಿದೆ" ಎಂದಿತು. ಕೊನೆಕೊನೆಗೆ ಕಣ್ಣಿನ ಮಾತೇ ಬಿಟ್ಟು ಕೆಂಪಕ್ಷರದಲ್ಲಿ ಬರೆಯಿತು: "ಮುಖ ದಾಖಲೆಯೊಂದಿಗೆ ಹೊಂದುತ್ತಿಲ್ಲ." ಹದಿನೇಳು ದಿನ ಪ್ರಯತ್ನಪಟ್ಟೆ ಮಗನೇ. ಹದಿನೇಳು ದಿನವೂ ಅದು ನನ್ನ ಮುಖ ನೋಡಿ, ನೀನು ನೀನಲ್ಲ ಎಂದಿತು.

ಗಡುವು ಮುಗಿಯಿತು. ಏಪ್ರಿಲ್ ಒಂದಕ್ಕೆ ದುಡ್ಡು ಬರಲಿಲ್ಲ. ಹಳದಿ ಪಟ್ಟಿ ಕೆಂಪಾಗಿ "ಪಾವತಿ ತಡೆಹಿಡಿಯಲಾಗಿದೆ" ಎಂದಾಯಿತು. ನೀನು ಕಾಯುತ್ತಿರುತ್ತೀ ಎಂದು ಡಬ್ಬಿ ತೆರೆದು ಹಳೆಯದೊಂದನ್ನು ಆರಿಸಿದೆ. ತಾರೀಖು ಕತ್ತರಿಸಿದೆ. ಕೆಳಗಿನ ಪಟ್ಟಿಯನ್ನು ಬೇಕೆಂದೇ ಬಿಟ್ಟೆ, ಇನ್ನೂ ದಿನ ಇದೆ ಎಂದು ನಿನಗೆ ಧೈರ್ಯ ಬರಲಿ ಎಂದು. ಹಿಂದಿನದರಲ್ಲಿ ಎಷ್ಟಿತ್ತೆಂದು ನೋಡಲಿಲ್ಲ. ಹಿಂದಿನ ರೀಡಿಂಗ್ ನೋಡದೆ ಈಗಿನದು ಬರೆಯುವ ಮೀಟರ್ ರೀಡರನ್ನು ಎಲ್ಲಾದರೂ ಕಂಡಿದ್ದೀಯ? ಹೆದರಿಕೆ ಮನುಷ್ಯನ ಕಸುಬನ್ನೂ ಮರೆಸುತ್ತದೆ.

ಪೆನ್ಶನ್ ಕಚೇರಿಗೆ ಹೋಗಿಲ್ಲ. ಕಾಲು ಬರುತ್ತಿಲ್ಲ. ಅಲ್ಲಿರುವ ಮನುಷ್ಯರೂ ನನ್ನನ್ನು ನೋಡಿ "ಹೊಂದುತ್ತಿಲ್ಲ" ಎಂದುಬಿಟ್ಟರೆ, ಆಮೇಲೆ ಯಾರ ಹತ್ತಿರ ಹೋಗಲಿ? ಎಣ್ಣೆ ಹಾಕಿದ ಬಾಗಿಲಿನ ಹಾಗೆ ಸದ್ದಿಲ್ಲದೆ ಮುಚ್ಚಿಹೋಗುತ್ತೇನೆ ಎನಿಸುತ್ತದೆ. ಆ ಮನೆಯ ಮುದುಕ ಬೆಳಗ್ಗೆಯಾದರೆ ನೆನಪಾಗುತ್ತಾನೆ. ಈಗ ಅವನ ಮನೆಯೊಳಗೆ ನಾನೇ ಇದ್ದೇನೆ, ಹೊರಗೆ ನಿಂತು ಸರಾಸರಿ ಬರೆಯುತ್ತಿರುವವನೂ ನಾನೇ.

ಈ ಹಾಳೆಯ ಜೊತೆ ಒಂದು ಸ್ಕ್ರೀನ್‌ಶಾಟ್ ಇದೆ. ಇವತ್ತು ಬೆಳಗ್ಗೆಯದು. ಕೆಂಪಕ್ಷರ ಬಂದಾಗ ಮಿಟುಕಿಸುತ್ತಿದ್ದ ಮುಖ ಮೊಟ್ಟೆಯೊಳಗೆ ಹಾಗೇ ಅಲುಗಾಡದೆ ನಿಲ್ಲುತ್ತದೆ, ಆಗ ಎರಡೂ ಬಟನ್ನು ಒತ್ತಿದೆ. ಏನನ್ನೂ ಕತ್ತರಿಸಿಲ್ಲ. ಮಗುವಿಗೆ ತೋರಿಸಬೇಡ, ಹೆದರಿಕೊಂಡೀತು.

ಅಪ್ಪ

ಏಪ್ರಿಲ್ 7

ಅಪ್ಪಾ,

ಚಿತ್ರ ತೆರೆದಾಗ ಲಿಫ್ಟಿನ ಗುಂಡಿಯಲ್ಲಿ ಒಬ್ಬನೇ ಇದ್ದೆ. ಅಲ್ಲೇ ಕೂತು ಅತ್ತೆ. ಮುಖ ಜೋತಿದೆ, ಕಣ್ಣು ಕೆಂಪಾಗಿದೆ, ಮೂರು ದಿನದ ಗಡ್ಡ ಇದೆ. ಆದರೆ ಅದು ನೀನೇ. ಇದಕ್ಕೆ ಯಾವ ಆ್ಯಪೂ ಬೇಡ.

ನಾನೂ ಒಂದು ಮುಚ್ಚಿಟ್ಟಿದ್ದೆ. ಫೆಬ್ರವರಿಯಲ್ಲಿ ರಾಟೆಯ ಹಗ್ಗಕ್ಕೆ ನನ್ನ ಬಲಗೈ ಸಿಕ್ಕಿ ಎರಡು ಬೆರಳು ಮುರಿದವು. ಆರು ವಾರ ಸಂಬಳವಿರಲಿಲ್ಲ. ಆ ಕಾಗೆ ಕಾಲಿನ ಅಕ್ಷರ ಎಡಗೈಯದು. ಈಗ ಕೂಡಿದೆ, ಸುಳ್ಳಲ್ಲ, ಬೇಕಾದರೆ ಫೋಟೋ ಕಳಿಸುತ್ತೇನೆ. ದುಡ್ಡು ಕಳಿಸಲಾಗದೆ ನಿನ್ನ ಚಿತ್ರವನ್ನೇ ನೆಚ್ಚಿಕೊಂಡಿದ್ದೆ. ತಿಂಗಳಿಗೊಮ್ಮೆ ಆ ಅಂಕಿ ನೋಡಿ ನಿದ್ದೆ ಮಾಡುತ್ತಿದ್ದೆ. ನಿನ್ನ ಕೈಯಿಂದ ಸುಳ್ಳು ಹೇಳಿಸಿದವನು ನಾನೇ ಎಂದು ಈಗ ಅನಿಸುತ್ತಿದೆ.

ಕೆಂಪಕ್ಷರವನ್ನು ಹೆಬ್ಬೆರಳಿನಿಂದ ಮುಚ್ಚಿ ಮಗುವಿಗೆ ತೋರಿಸಿದೆ. ನೀನು ಬೇಡವೆಂದಿದ್ದರೂ ತೋರಿಸಿದೆ. ಅವಳು ಒಂದು ಕ್ಷಣವೂ ತಡೆಯಲಿಲ್ಲ. "ಅಪ್ಪಾ, ತಾತ ಯಾಕೆ ನನಗೆ ಕಣ್ಣು ಹೊಡೀತಿದಾರೆ?" ಎಂದು ಕೇಳಿ, ತಾನೂ ಒಂದು ಕಣ್ಣು ಮುಚ್ಚಲು ಹೋಗಿ ಎರಡನ್ನೂ ಮುಚ್ಚಿದಳು.

ನಾಳೆ ಕಚೇರಿಗೆ ಹೋಗು. ಡಾಕ್ಟರ ಚೀಟಿ ತೆಗೆದುಕೊಂಡು ಹೋಗು. ಮುಖ ಹೊಂದದಿದ್ದರೆ ಅಧಿಕಾರಿ ಖುದ್ದಾಗಿ ನೋಡಿ ಸಹಿ ಹಾಕುವ ಕಾಗದದ ಫಾರಂ ಇದೆ ಎಂದು ಆ್ಯಪಿನ ಸಹಾಯದ ಪುಟದಲ್ಲೇ ಇದೆ, ತೀರಾ ಕೆಳಗೆ. ದರ್ಜಿಯಮ್ಮನವರನ್ನು ಜೊತೆಗೆ ಕರೆದುಕೋ. ಅವರಿಗೆ ನಾನು ಬೇರೆ ಬರೆದಿದ್ದೇನೆ. ಏನು ಬರೆದೆನೆಂದು ಕೇಳಬೇಡ, ಅರ್ಧ ಪುಟ ಬರೀ ತಪ್ಪಾಯಿತು ಎಂದೇ ಇದೆ.

ನಿನ್ನ ಮಗ

ಏಪ್ರಿಲ್ 19

ಮಗನೇ,

ಹೋಗಿ ಬಂದೆ. ನಾಳೆ ಎಂದು ನೀನು ಬರೆದೆ, ನನಗೆ ಹತ್ತು ದಿನ ಬೇಕಾಯಿತು. ಎರಡು ಸಲ ಬಸ್ಸಿನ ತನಕ ಹೋಗಿ ತಿರುಗಿ ಬಂದೆ. ಮೂರನೇ ಸಲ ದರ್ಜಿಯಮ್ಮ ಅಂಗಡಿಗೆ ಬೀಗ ಹಾಕಿ ನನ್ನ ತೋಳು ಹಿಡಿದುಕೊಂಡಳು.

ಏಳನೇ ಕೌಂಟರ್. ಗಾಜಿನ ಆಚೆ ಕೂತಿದ್ದ ಹೆಂಗಸು ನನ್ನ ಫೋನನ್ನೇ ಇಸಕೊಂಡು ಮತ್ತೆ ನನ್ನ ಮುಖಕ್ಕೆ ಹಿಡಿದಳು. ಮತ್ತೆ ಕೆಂಪು. ಆಮೇಲೆ ಡಾಕ್ಟರ ಚೀಟಿ ಓದಿದಳು, ಡ್ರಾಯರಿನ ತಳದಿಂದ ಒಂದು ಹಳೆಯ ಫಾರಂ ತೆಗೆದಳು. "ಮೇಲ್ಕಂಡ ವ್ಯಕ್ತಿಯನ್ನು ನಾನು ಖುದ್ದಾಗಿ ನೋಡಿರುತ್ತೇನೆ" ಎಂದು ಕೊನೆಯಲ್ಲಿ ಅಚ್ಚಾಗಿತ್ತು. ಅವಳು ಕಂಪ್ಯೂಟರ್ ಕಡೆ ಮುಖ ಮಾಡಿಕೊಂಡೇ ಸಹಿ ಹಾಕಲು ಹೋದಳು. ನನಗೆ ಏನಾಯಿತೋ, ಗಾಜಿಗೆ ಕೈಯಿಂದ ಬಡಿದೆ.

"ತಲೆ ಎತ್ತಿ ನೋಡಿ ಬರೀರಮ್ಮ" ಎಂದೆ.

"ನೋಡ್ದೆ ತಾತ, ಆಯ್ತು ಬಿಡಿ" ಎಂದಳು.

"ಇಲ್ಲ, ನೀವು ನೋಡಿಲ್ಲ. ನಾನೂ ಒಂದು ಸಲ ಹಿಂಗೇ ನೋಡದೇನೇ ಬರ್ದಿದ್ದೆ. ನೋಡಿ."

ಅವಳು ಪೆನ್ನು ಕೆಳಗಿಟ್ಟು, ಕುರ್ಚಿ ಹಿಂದೆ ಸರಿಸಿ, ಎದ್ದು ನಿಂತು ನನ್ನ ಮುಖವನ್ನು ನೋಡಿದಳು. ಜೋತ ಕಡೆಯನ್ನೂ ನೋಡಿದಳು, ಸರಿಯಿರುವ ಕಡೆಯನ್ನೂ ನೋಡಿದಳು. "ನೋವಿದೆಯಾ?" ಎಂದು ಕೇಳಿದಳು. ಆಮೇಲೆ ಕೂತು ಸಹಿ ಹಾಕಿದಳು.

ದುಡ್ಡು ಬರಲು ನಲವತ್ತೈದು ದಿನ ಆಗಬಹುದಂತೆ. ಬರುತ್ತದೋ ಇಲ್ಲವೋ ಎಂಬ ಹೆದರಿಕೆ ಇನ್ನೂ ಹೋಗಿಲ್ಲ. ಮೇಲಿನವರು ಯಾರಾದರೂ ಮತ್ತೆ ಬೇಡವೆಂದರೆ ಎಂದು ಯೋಚಿಸುತ್ತಾ ಮಲಗುತ್ತೇನೆ. ಎಡಗಣ್ಣಿಗೆ ಪಟ್ಟಿ ಅಂಟಿಸಿ ಮುಚ್ಚಿಕೊಳ್ಳಬೇಕು. ನಿನ್ನೆಯಿಂದ ರೆಪ್ಪೆ ಒಂದು ಕೂದಲೆಳೆಯಷ್ಟು ಅಲುಗಾಡುತ್ತಿದೆ ಎಂದು ದರ್ಜಿಯಮ್ಮ ಹೇಳುತ್ತಾಳೆ. ನನಗೇನೂ ಗೊತ್ತಾಗುತ್ತಿಲ್ಲ.

ಈಗ ಕಳಿಸಿರುವ ಸ್ಕ್ರೀನ್‌ಶಾಟ್ ನೋಡು. ಮೊತ್ತ ಮುನ್ನೂರ ಹನ್ನೆರಡು. ಓದಿ ಎದೆ ಒಡೆದುಕೊಳ್ಳಬೇಡ, ಮಾತ್ರೆ ತಂದಾಗಿದೆ, ಅಕ್ಕಿ ಇದೆ. ಕೆಳಗೆ "ಪುರಾವೆ ಪರಿಶೀಲನೆಯಲ್ಲಿದೆ" ಎಂದಿದೆ. ಮೇಲೆ ಇವತ್ತಿನ ತಾರೀಖು, ಬೆಳಗ್ಗೆ ಒಂಬತ್ತು ಗಂಟೆ, ಬ್ಯಾಟರಿ ನಲವತ್ತು. ಯಾವ ಅಂಚನ್ನೂ ಕತ್ತರಿಸಿಲ್ಲ.

ಇನ್ನು ಮೇಲೆ ತಿಂಗಳಿಗೊಂದಲ್ಲ, ದಿನಾ ಒಂಬತ್ತಕ್ಕೆ ಒಂದು ಕಳಿಸುತ್ತೇನೆ. ಮೊತ್ತ ನೋಡದಿದ್ದರೂ ಪರವಾಗಿಲ್ಲ, ತಾರೀಖು ನೋಡು. ಒಂದು ದಿನ ಚಿತ್ರ ಬರದೇ ಹೋದರೆ ಅಪ್ಪ ಮರೆತಿರಬೇಕು, ಫೋನು ಕೆಟ್ಟಿರಬೇಕು ಎಂದು ನೀನೇ ಒಂದು ಸರಾಸರಿ ಹಾಕಿಕೊಂಡು ಸುಮ್ಮನಿರಬೇಡ. ದರ್ಜಿಯಮ್ಮನಿಗೆ ಹೇಳಿ ಬಾಗಿಲು ತಟ್ಟಿಸು.

ಅಪ್ಪ